ಗೇರುಬೀಜದ ದಾಸ್ತಾನು ಮತ್ತು ನನ್ನ ಸಹಿ

ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಯ ಲೆಕ್ಕಪರಿಶೋಧಕರು ವರ್ಷದ ನಡುವೆ ರಾಜೀನಾಮೆ ಕೊಟ್ಟಿದ್ದರು. ಅದು ಪ್ರೈವೇಟ್ ಲಿಮಿಟೆಡ್ ಕಂಪನಿ. ನಲವತ್ತು ಷೇರುದಾರರು, ಬಹುತೇಕ ಒಂದೇ ಮನೆತನದವರು, ಅರ್ಧದಷ್ಟು ಮಂದಿ ಮುಂಬೈಯಲ್ಲಿ. ಆ ಸ್ಥಾನಕ್ಕೆ ನನ್ನನ್ನು ಕೇಳಿದರು.

ರಾಜೀನಾಮೆಯಿಂದ ತೆರವಾದ ಸ್ಥಾನಕ್ಕೆ ಆಡಳಿತ ಮಂಡಳಿ 30 ದಿನಗಳಲ್ಲಿ ನೇಮಕ ಮಾಡಬೇಕು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಮಂಡಳಿಯ ಶಿಫಾರಸಿನಿಂದ ಮೂರು ತಿಂಗಳೊಳಗೆ ಷೇರುದಾರರ ಸಭೆಯೂ ಒಪ್ಪಬೇಕು. ಹೀಗೆ ನೇಮಕವಾದವನ ಅವಧಿ ಮುಂದಿನ ವಾರ್ಷಿಕ ಸಭೆಯವರೆಗೆ ಮಾತ್ರ. ಒಪ್ಪುವ ಮುನ್ನ ಹಿಂದಿನ ಲೆಕ್ಕಪರಿಶೋಧಕರಿಗೆ ಪತ್ರ ಬರೆದೆ. ಅದು ನಮ್ಮ ವೃತ್ತಿಯ ಕಡ್ಡಾಯ ನಿಯಮ. ‘ದಾಸ್ತಾನು ಎಣಿಸಲು ಬಿಡಲಿಲ್ಲ’ ಎಂದು ಒಂದೇ ಸಾಲಿನ ಉತ್ತರ ಬಂತು.

ನಂತರ ನನ್ನ ಮನೆಯದೇ ಲೆಕ್ಕ. ನಮ್ಮೂರಿನಲ್ಲಿ ಸಂಬಂಧ ಇಲ್ಲದ ಕಂಪನಿ ಸಿಗುವುದು ಕಷ್ಟ. ಷೇರುದಾರರ ಪಟ್ಟಿಯಲ್ಲಿ ನನ್ನ ಅಕ್ಕನ ಹೆಸರಿತ್ತು, ಹೆಂಡತಿಯ ತಮ್ಮನ ಹೆಸರೂ ಇತ್ತು. ಕಂಪನಿ ಕಾಯ್ದೆಯ ‘ಸಂಬಂಧಿ’ ಪಟ್ಟಿಯಲ್ಲಿ ಅಕ್ಕ ಬರುತ್ತಾಳೆ, ಹೆಂಡತಿಯ ತಮ್ಮ ಬರುವುದಿಲ್ಲ. ಸಂಬಂಧಿಯ ಷೇರಿಗೆ ಮಿತಿ ಒಂದು ಲಕ್ಷ ರೂಪಾಯಿ. ಅದೂ ಮುಖಬೆಲೆಯಲ್ಲಿ, ಮಾರುಕಟ್ಟೆ ಬೆಲೆಯಲ್ಲಲ್ಲ. ಅಕ್ಕನ ಬಳಿ ನೂರು ರೂಪಾಯಿ ಮುಖಬೆಲೆಯ 1,200 ಷೇರುಗಳಿದ್ದವು, ಅಂದರೆ 1.2 ಲಕ್ಷ. ನೇಮಕವಾದ ಮೇಲೆ ಸಂಬಂಧಿ ಷೇರು ಕೊಂಡು ಮಿತಿ ದಾಟಿದರೆ ಸರಿಪಡಿಸಲು 60 ದಿನಗಳಿವೆ. ಮೊದಲೇ ದಾಟಿದ್ದರೆ ನೇಮಕಕ್ಕೇ ಅರ್ಹತೆಯಿಲ್ಲ. ಅಕ್ಕ ಸ್ವಲ್ಪ ಗೊಣಗಿ 200 ಷೇರುಗಳನ್ನು ಮಾರಿದಳು. ವರ್ಗಾವಣೆ ಕಂಪನಿಯ ದಾಖಲೆಗೆ ಸೇರಿದ ಮೇಲೆಯೇ ನನ್ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ‘ಪುಸ್ತಕವನ್ನೂ ನಿಮ್ಮ ಹುಡುಗರೇ ಬರೆಯಲಿ’ ಎಂದ ನಿರ್ದೇಶಕರಿಗೆ ಆಗದು ಎಂದೆ. ಬರೆದವನೇ ಪರಿಶೋಧಿಸುವುದನ್ನು 144ನೇ ಕಲಂ ತಡೆಯುತ್ತದೆ. ನನ್ನ ಪಾಲುದಾರನ ಮೂಲಕ ಬರೆಸಿದರೂ ಅದೇ ತಪ್ಪು.

ಮಾರ್ಚ್ ಕೊನೆಗೆ ಪುಸ್ತಕದಲ್ಲಿ 300 ಟನ್ ಹಸಿ ಗೇರುಬೀಜ ಉಳಿದಿತ್ತು. ಎಣಿಸುವ ಮೊದಲು ನಾನು ಲೆಕ್ಕ ಹಾಕಿದೆ. ವರ್ಷದಲ್ಲಿ ಕಾರ್ಖಾನೆಗೆ ಸಿಕ್ಕಿದ್ದು 1,000 ಟನ್. ಸುಲಿದದ್ದು 700 ಟನ್, ಬಂದ ತಿರುಳು 200 ಟನ್ ಎಂದಿತ್ತು. ಅಂದರೆ ನೂರು ಕಿಲೋಗೆ 28.6 ಕಿಲೋ. ಇಷ್ಟು ಒಳ್ಳೆಯ ಬೀಜವೇ? ಆಮದು ಸರಕಿನ ಸರ್ವೇ ವರದಿಯಲ್ಲಿ 80 ಕಿಲೋ ಮೂಟೆಗೆ 47 ಪೌಂಡ್ ತಿರುಳು ಎಂದಿತ್ತು. ಅದು 21.3 ಕಿಲೋ, ಅಂದರೆ ನೂರಕ್ಕೆ 26.6. ಆ ದರದಲ್ಲಿ 200 ಟನ್ ತಿರುಳಿಗೆ 750 ಟನ್ ಬೀಜ ಬೇಕು. ಮಾರಾಟದ ಬಿಲ್ಲುಗಳಿಂದ ತಿರುಳಿನ ಲೆಕ್ಕ ತಾಳೆಯಾಗುತ್ತಿತ್ತು. ಹಾಗಾಗಿ ಗೋದಾಮಿನಲ್ಲಿ 250 ಟನ್ನಿಗಿಂತ ಹೆಚ್ಚು ಇರುವಂತಿರಲಿಲ್ಲ.

‘ಮ್ಯಾನೇಜರ್ ಎಣಿಸಿದ್ದಾರಲ್ಲ, ಸರ್ಟಿಫಿಕೇಟ್ ಇದೆಯಲ್ಲ’ ಎಂದರು ನಿರ್ದೇಶಕರು. ಬೈಕಂಪಾಡಿಯ ಗೋದಾಮಿಗೆ ಹೋಗಿ ಒಟ್ಟಿದ ಮೂಟೆಗಳ ಮೇಲೆ ಏಣಿ ಹಾಕಿ ಹತ್ತಿದೆವು. ಬದಿಯಿಂದ ನೋಡಿದರೆ ತುಂಬಿದ ಗೋಡೆ, ಮೇಲಿನಿಂದ ನೋಡಿದರೆ ನಡುವೆ ಟೊಳ್ಳು. 3,750 ಇರಬೇಕಾದಲ್ಲಿ 3,100ರ ಆಸುಪಾಸು ಮೂಟೆ. ಒಣಗಿ ತೂಕ ಇಳಿಯಿತು ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ತೂಕ ಇಳಿದರೂ ಮೂಟೆಯ ಎಣಿಕೆ ಇಳಿಯುವುದಿಲ್ಲ. ವಂಚನೆಯ ಸಂದೇಹವಿದ್ದರೂ ಮೊತ್ತ ಒಂದು ಕೋಟಿಗಿಂತ ಕಡಿಮೆಯಿದ್ದುದರಿಂದ ಎರಡು ದಿನಗಳೊಳಗೆ ಮಂಡಳಿಗೆ ಬರೆದೆ. ಅವರು ಲೆಕ್ಕ ತಿದ್ದಲಿಲ್ಲ. ನನ್ನ ವರದಿಯಲ್ಲಿ ಇದೊಂದು ಬಿಟ್ಟು ಉಳಿದ ಲೆಕ್ಕ ಸರಿ ಎಂಬ ಷರತ್ತುಬದ್ಧ ಅಭಿಪ್ರಾಯ ಕೊಟ್ಟು, ಕೊರತೆಯ ಮೊತ್ತವನ್ನು ಬಿಡಿಸಿ ಬರೆದೆ.

ಮಹಾಸಭೆಯಲ್ಲಿ ಆ ಭಾಗವನ್ನು ಓದಿದಾಗ ಮುಂಬೈಯ ಷೇರುದಾರರೊಬ್ಬರು ಕೇಳಿದ್ದು: ಹಿಂದಿನ ವರ್ಷಗಳಲ್ಲಿ ಎಣಿಸದೆ ಸಹಿ ಹಾಕಿದ್ದರೆ ಆ ಲೆಕ್ಕಪರಿಶೋಧಕರಿಂದ ಪರಿಹಾರ ಕೇಳಬಹುದೇ?

ದಾರಿ ಇದೆ. 245ನೇ ಕಲಂ ಪ್ರಕಾರ ಷೇರುದಾರರು ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಿ, ವರದಿಯಲ್ಲಿನ ದಾರಿತಪ್ಪಿಸುವ ಹೇಳಿಕೆಗೆ ಲೆಕ್ಕಪರಿಶೋಧಕರಿಂದಲೂ ಅವರ ಪರಿಶೋಧನಾ ಸಂಸ್ಥೆಯಿಂದಲೂ ಪರಿಹಾರ ಕೇಳಬಹುದು. ಇಂಥ ಕಂಪನಿಯಲ್ಲಿ ಶೇ 5ರಷ್ಟು ಸದಸ್ಯರು, ಅಂದರೆ ಇಬ್ಬರು ಸೇರಿದರೂ ಸಾಕು. 1896ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ಪ್ರಕರಣದಲ್ಲಿ ಮ್ಯಾನೇಜರನ ದಾಸ್ತಾನು ಸರ್ಟಿಫಿಕೇಟನ್ನು ನಂಬಿದ ಪರಿಶೋಧಕರನ್ನು ನ್ಯಾಯಾಲಯ ಬಿಟ್ಟುಬಿಟ್ಟಿತ್ತು. ಪರಿಶೋಧಕ ಕಾವಲು ನಾಯಿ, ಬೇಟೆ ನಾಯಿಯಲ್ಲ ಎಂದಿತು. ಇಂದು ಆ ಆಸರೆ ದುರ್ಬಲ. ದಾಸ್ತಾನು ದೊಡ್ಡದಿದ್ದರೆ ಎಣಿಕೆಗೆ ಹಾಜರಿರಬೇಕೆಂದು ನಮ್ಮ ಮಾನದಂಡವೇ ಹೇಳುತ್ತದೆ.

ಆದರೆ ಬೇಜವಾಬ್ದಾರಿ ಸಾಬೀತಾದರೆ ಹಣ ಕೈಗೆ ಬಂದಂತಲ್ಲ. ದಾಸ್ತಾನು ಉಬ್ಬಿಸಿ ಬರೆದವನು ಪರಿಶೋಧಕನಲ್ಲ. ಸರಿಯಾದ ವರದಿ ಬಂದಿದ್ದರೆ ತಪ್ಪುತ್ತಿದ್ದ ನಷ್ಟವನ್ನಷ್ಟೇ ಅವನ ಮೇಲೆ ಹೊರಿಸಬಹುದು. ಮೊದಲ ವರ್ಷದ ಕೊರತೆ ವರದಿಗೆ ಮೊದಲೇ ಆಗಿಹೋಗಿರುತ್ತದೆ. ಮುಂದಿನ ವರ್ಷಗಳದ್ದೂ, ಉಬ್ಬಿಸಿದ ಲಾಭದ ಮೇಲೆ ಹಂಚಿದ ಡಿವಿಡೆಂಡೂ ವಾದಕ್ಕೆ ನಿಲ್ಲಬಹುದು. ಮೇಲಾಗಿ ಆ ನಷ್ಟ ಮೂಲತಃ ಕಂಪನಿಯದು. ವರದಿ ನೋಡಿ ಹೆಚ್ಚು ಬೆಲೆಗೆ ಷೇರು ಕೊಂಡೆ ಎನ್ನುವವರಿಗೆ 1990ರ ಕಪಾರೊ ತೀರ್ಪು ಅಡ್ಡ ಬರುತ್ತದೆ: ಪರಿಶೋಧಕನ ಹೊಣೆ ಒಟ್ಟು ಷೇರುದಾರರಿಗೆ, ಒಬ್ಬೊಬ್ಬರ ಹೂಡಿಕೆಗೆ ಅಲ್ಲ. ಅದು ಇಂಗ್ಲೆಂಡಿನ ತೀರ್ಪು, ಆದರೆ ಎದುರಾಳಿ ವಕೀಲರು ಮೊದಲು ಎತ್ತುವುದು ಅದನ್ನೇ.

ಹಾಗಾಗಿ ಮೊದಲು ವರ್ಷವಾರು ಕೊರತೆ ಎಷ್ಟೆಂದು ತಿರುಳಿನ ಲೆಕ್ಕದಿಂದ ತೆಗೆಯಿರಿ, ಆಮೇಲೆ ವಕೀಲರನ್ನು ಕಾಣಿರಿ ಎಂದೆ. ಹಿಂದಿನ ಮೂರು ವರ್ಷಗಳ ಸರ್ವೇ ವರದಿಗಳ ಪ್ರತಿ ಕೇಳಿ ಅವರು ಕಂಪನಿಗೆ ಅಂದೇ ಅರ್ಜಿ ಕೊಟ್ಟರು.