ಹಿಂದಿನ ಫೋಟೋ ನೋಡಿಯೇ ಕಾರಿನ ವೇರಿಯಂಟ್ ಹೇಳುವುದು: ನನ್ನ ಅನುಭವ

"ಹಿಂದಿನ ಫೋಟೋದಲ್ಲಿ ಎಂಥ ಮಣ್ಣು ಗೊತ್ತಾಗ್ತದೆ ಮಾರಾಯ? ಹೋಗಿ ಬಾನೆಟ್ ತೆಗೆದು ನೋಡು" ಅಂತ ನನ್ನ ಪಾಲುದಾರ ಎಷ್ಟೋ ಸಲ ಹೇಳಿದ್ದಾನೆ. ಈಗ ಅವನೇ ಫೋಟೋ ಬಂದ ಕೂಡಲೇ ನನಗೆ ಕಳಿಸುತ್ತಾನೆ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರಿನ ವ್ಯವಹಾರ, ಮಂಗಳೂರಿನಲ್ಲಿ. ಓನರ್ ದುಬೈಯಲ್ಲಿ, ಕಾರು ಕುಂದಾಪುರದ ಮನೆಯ ಅಂಗಳದಲ್ಲಿ. ಆರ್‌ಸಿ ಕೇಳಿದರೆ "ಆಮೇಲೆ ಕಳಿಸ್ತೇನೆ" ಅನ್ನುತ್ತಾರೆ. ನಂಬರ್ ಪ್ಲೇಟಿನ ಮೇಲೆ ಹೆಬ್ಬೆರಳು ಇಟ್ಟು ಫೋಟೋ ತೆಗೆಯುತ್ತಾರೆ. ಸುಮ್ನೆ ಹೊರಟರೆ ಹೆಜಮಾಡಿ, ಸಾಸ್ತಾನ ಎರಡೂ ಟೋಲ್, ಪೆಟ್ರೋಲ್, ಊಟ ಸೇರಿ ಎರಡು ಸಾವಿರದ ಹತ್ತಿರ ಹೋಗುತ್ತದೆ. ಹೋಗಿ ನೋಡಿದರೆ ಹೇಳಿದ ವೇರಿಯಂಟೇ ಅಲ್ಲ. ಆ ಸಿಟ್ಟಿನಲ್ಲಿ ಶುರು ಮಾಡಿದ ಅಭ್ಯಾಸ ಇದು.

ಮೊದಲು ನಾನೂ ಬ್ಯಾಡ್ಜ್ ಓದುತ್ತಿದ್ದೆ. ಅದು ಕೆಲಸಕ್ಕೆ ಬರಲಿಲ್ಲ. ಬ್ಯಾಡ್ಜ್ ಅಂದರೆ ಗಮ್ ಹಾಕಿ ಅಂಟಿಸಿದ ಪ್ಲಾಸ್ಟಿಕ್, ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಹಾಗಾಗಿ ಈಗ ಲ್ಯಾಂಪ್ ಮೊದಲು, ಬ್ಯಾಡ್ಜ್ ಕೊನೆಗೆ. ಯಾವ ಜನರೇಷನ್ ಅಂತ ಲ್ಯಾಂಪ್ ಹೇಳುತ್ತದೆ. ವೇರಿಯಂಟ್ ಹೇಳುವುದು ಹಿಂದಿನ ಗಾಜು. ಬ್ಯಾಡ್ಜ್ ಅದಕ್ಕೆ ಹೊಂದುತ್ತದೋ ಇಲ್ಲವೋ ಅಂತ ಆಮೇಲೆ ನೋಡುತ್ತೇನೆ.

ಕುಂದಾಪುರ ಕಡೆಯ ಒಂದು ಸ್ವಿಫ್ಟ್ ಡೀಸೆಲ್ ಹೇಳುತ್ತೇನೆ. ಓನರ್‌ನ ಭಾವ ಫೋಟೋ ಕಳಿಸಿದ್ದರು. 2013ರ ಗಾಡಿ, ಬ್ಯಾಡ್ಜ್ ಮೇಲಿನ ವೇರಿಯಂಟ್ ಜೆಡ್‌ಡಿಐಯದ್ದು, ಕೇಳಿದ್ದು ನಾಲ್ಕು ಕಾಲು ಲಕ್ಷ. ಲ್ಯಾಂಪ್ ಉದ್ದ, ಪಕ್ಕಕ್ಕೆ ಚೆನ್ನಾಗಿ ಸುತ್ತಿಕೊಂಡಿದೆ, ಅಂದರೆ 2011ರಲ್ಲಿ ಬಂದ ಎರಡನೇ ಸ್ವಿಫ್ಟ್. ಅಲ್ಲಿಗೆ ಸರಿ. ಆದರೆ ಹಿಂದಿನ ಗಾಜಿನಲ್ಲಿ ವೈಪರ್ ಇಲ್ಲ. ಜೂಮ್ ಮಾಡಿದರೆ ಗಾಜಿನ ಮಂಜು ಆರಿಸುವ ಡೀಫಾಗರ್‌ನ ಅಡ್ಡ ಗೆರೆಗಳೂ ಇಲ್ಲ. ಆ ಕಾಲದ ಜೆಡ್‌ಡಿಐಗೆ ಎರಡೂ ಬರುತ್ತಿತ್ತು, ವಿಡಿಐಗೆ ಇರಲಿಲ್ಲ. ಬ್ಯಾಡ್ಜಿನ ಒಂದು ಕ್ಲೋಸಪ್ ಕೇಳಿದೆ. ಮಾರುತಿ ಲೋಗೋದ ಸಂದುಗಳಲ್ಲಿ ವರ್ಷಗಟ್ಟಲೆಯ ಪಾಲಿಶ್ ಬೆಳ್ಳಗೆ ಒಣಗಿ ಕೂತಿತ್ತು. ಜೆಡ್‌ಡಿಐ ಅಕ್ಷರಗಳ ಸಂದು ಮಾತ್ರ ತೊಳೆದಿಟ್ಟ ಹಾಗೆ. ಪಕ್ಕದಲ್ಲಿ ಬಣ್ಣ ಸ್ವಲ್ಪ ಗಾಢವಾಗಿದ್ದ ಒಂದು ಗೆರೆ, ಹಳೆಯ ಬ್ಯಾಡ್ಜಿನ ಅಡಿಯಲ್ಲಿ ಬಿಸಿಲು ತಾಗದೆ ಉಳಿದ ಪೇಂಟ್.

"ಇದು ವಿಡಿಐ, ಮೂರೂವರೆ ಕೊಡ್ತೇನೆ" ಅಂದೆ. ಭಾವ ಫೋನ್ ಇಟ್ಟರು. ವಾರ ಬಿಟ್ಟು ಆರ್‌ಸಿ ಬಂತು, ವಿಡಿಐ. ಸುಮಾರು ಮೂರು ಅರವತ್ತಕ್ಕೆ ಮುಗಿಯಿತು. ಪಾಲುದಾರ ಮಾತಾಡಲಿಲ್ಲ, ಟೀ ಕುಡಿಸಿದ.

ಇದರಲ್ಲೂ ಒಂದು ಕೊಕ್ಕೆ ಉಂಟು. ಹಿಂದಿನ ಗಾಜು ಒಡೆದು ಗೆರೆ ಇಲ್ಲದ ಗಾಜು ಹಾಕಿಸಿದ್ದರೆ ನಿಜವಾದ ಜೆಡ್‌ಡಿಐ ಕೂಡ ಕೆಳಗಿನ ವೇರಿಯಂಟ್ ಹಾಗೆ ಕಾಣುತ್ತದೆ. ಅದಕ್ಕೆ ಗಾಜಿನ ಮೂಲೆಯ ಮಾರ್ಕಿನ ಫೋಟೋ ತರಿಸಿ, ಪಕ್ಕದ ಬಾಗಿಲಿನ ಗಾಜಿನ ಮಾರ್ಕಿಗೆ ಹೋಲಿಸುತ್ತೇನೆ. ಬೇರೆ ಇದ್ದರೆ ಆರ್‌ಸಿ ನೋಡದೆ ರೇಟ್ ಹೇಳುವುದಿಲ್ಲ.

ಗಾಜಿನಲ್ಲಿ ಆಕಾಶದ ಪ್ರತಿಬಿಂಬ ಬಿದ್ದರೆ ಗೆರೆ ಕಾಣುವುದಿಲ್ಲ, ಅಲ್ವಾ? ನನ್ನ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಮೊಬೈಲ್ ಕ್ಯಾಮೆರಾ ಎದುರು ಹಿಡಿದು ನೋಡಿದೆ. ಪ್ರತಿಬಿಂಬ ಹೋಯಿತು, ಆದರೆ ಗಟ್ಟಿ ಮಾಡಿದ ಗಾಜಲ್ಲವಾ, ಮೈತುಂಬ ಚುಕ್ಕಿ ಚುಕ್ಕಿ ಎದ್ದಿತು. ಗೆರೆ ಯಾವುದು, ಚುಕ್ಕಿ ಯಾವುದು ತಿಳಿಯದು. ಈಗ ಸಂಜೆ ಹೊತ್ತು ಒಳಗಿನಿಂದ ಯಾರಾದರೂ ಟಾರ್ಚ್ ಹಿಡಿಯಿರಿ ಅನ್ನುತ್ತೇನೆ, ಸಾಕಾಗುತ್ತದೆ.

ಫೋಟೋ ತೆಗೆಯುವವರಿಗೂ ಹೇಳಿಕೊಡಬೇಕು. ಹತ್ತಡಿ ಹಿಂದೆ ನಿಂತು, ಬಂಪರ್ ಎತ್ತರಕ್ಕೆ ಬಗ್ಗಿ, ಸ್ವಲ್ಪ ಓರೆಯಿಂದ. ಫ್ಲಾಶ್ ಹಾಕಿದರೆ ರಿಫ್ಲೆಕ್ಟರ್ ಹೊಳೆದು ಲ್ಯಾಂಪಿನ ಆಕಾರವೇ ಹೋಗುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಬ್ಯಾಡ್ಜಿನ ಅಂಚು ಕಲಸಿಹೋಗುತ್ತದೆ.

ಎಲಿಟ್ ಐ20ಯಲ್ಲಿ ಇಷ್ಟೆಲ್ಲ ಕಷ್ಟ ಬೇಡ. 2014ರದ್ದರಲ್ಲಿ ನಂಬರ್ ಪ್ಲೇಟ್ ಬಂಪರ್ ಮೇಲೆ, 2018ರ ಫೇಸ್‌ಲಿಫ್ಟ್‌ನಲ್ಲಿ ಡಿಕ್ಕಿ ಬಾಗಿಲಿನ ಮೇಲೆ. 2018ರ ರಿಜಿಸ್ಟ್ರೇಷನ್ ಅಂತ ಹೊಸ ಮಾಡೆಲ್ ಬೆಲೆ ಕೇಳುವವರಿದ್ದಾರೆ. ಪ್ಲೇಟ್ ಬಂಪರ್ ಮೇಲಿದ್ದರೆ ಅದು ಹಳೆಯ ಮಾಡೆಲ್ಲೇ.

ಬಲೆನೊ, ಗ್ಲಾಂಜಾದ ಎದುರು ಮಾತ್ರ ನನ್ನ ಆಟ ನಡೆಯುವುದಿಲ್ಲ. 2019ರಲ್ಲಿ ಬಂದ ಟೊಯೋಟಾ ಗ್ಲಾಂಜಾಕ್ಕೆ ಮಾರುತಿ ಬಲೆನೊದ್ದೇ ಲ್ಯಾಂಪ್, ಅಲ್ಲಿ ಬ್ಯಾಡ್ಜನ್ನೇ ನಂಬಬೇಕು. ಆ ಬ್ಯಾಡ್ಜ್ ಅಸಲಿಯೋ ಅಂತ ಅಕ್ಷರಗಳ ನಡುವಿನ ಜಾಗ ನೋಡಿ ಹೇಳುವ ಲೆಕ್ಕವೊಂದು ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಊರಿನಲ್ಲಿ ಇದೇ ವ್ಯವಹಾರ ಮಾಡುವವರು ಜಾಸ್ತಿ ಇದ್ದಾರೆ.