ಬಂಧಶಕ್ತಿಯಿಂದ ಎಂಥಾಲ್ಪಿ ಲೆಕ್ಕ: ಮೊದಲು ಗೆರೆ ಎಳೆಯಿರಿ

ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವಾಗ ನೋಡುತ್ತಲೇ ಇರುತ್ತೇನೆ. ಈ ಲೆಕ್ಕ ಕೆಡುವುದು ಗುಣಾಕಾರದಲ್ಲಲ್ಲ, ಬಂಧ ಎಣಿಸುವಾಗ. ಗೋಬರ್ ಗ್ಯಾಸ್ ಒಲೆಯಲ್ಲಿ ಮುಖ್ಯವಾಗಿ ಉರಿಯುವುದು ಮೀಥೇನ್. ಅದನ್ನೇ ತಗೊಳ್ಳೋಣ.

ಸಮೀಕರಣ ಸರಿದೂಗಿಸಿ: CH4 + 2O2 → CO2 + 2H2O.

ಈಗ ಪ್ರತಿ ಅಣುವನ್ನೂ ಗೆರೆ ಹಾಕಿ ಬರೆಯಿರಿ. ಎರಡು ನೀರು ಇದ್ದರೆ ಎರಡನ್ನೂ ಬರೆಯಿರಿ, ಸೋಮಾರಿತನ ಬೇಡ. ಒಂದು ನೀರಿನಲ್ಲಿ ಎರಡು O–H, ಹಾಗಾಗಿ ಒಟ್ಟು ನಾಲ್ಕು. ಸುಮ್ನೆ ಸೂತ್ರ ನೋಡಿ ಎಣಿಸಿದವರು ಎರಡು ಅಂತಲೇ ಬರೆದಿರುತ್ತಾರೆ. ಇನ್ನೊಂದು ಗುಂಡಿ ಇದೆ. O=O ಗೆ ಎರಡು ಗೆರೆ ಇದೆ ಅಂತ ಅದರ ಬಂಧಶಕ್ತಿ 498 ಅನ್ನು ಮತ್ತೆ ಎರಡರಿಂದ ಗುಣಿಸುತ್ತಾರೆ. ಆ 498 ಇಡೀ ಜೋಡಿ ಬಂಧದ ಬೆಲೆ. ನಾವು ಎರಡರಿಂದ ಗುಣಿಸುವುದು ಆಮ್ಲಜನಕದ ಅಣು ಎರಡಿವೆ ಎಂಬ ಕಾರಣಕ್ಕೆ ಮಾತ್ರ.

ಮುರಿಯುವುದು ನಾಲ್ಕು C–H, ಎರಡು O=O: 4×413 + 2×498 = 2648 ಕಿಲೋಜೌಲ್. ಕೂಡುವುದು ಎರಡು C=O, ನಾಲ್ಕು O–H: 2×799 + 4×463 = 3450. ಮುರಿದದ್ದರಿಂದ ಕೂಡಿದ್ದನ್ನು ಕಳೆದರೆ −802. ಮುರಿಯಲು ನಾವು ಶಕ್ತಿ ಕೊಡಬೇಕು, ಕೂಡಿದಾಗ ಅದು ಹೊರಬರುತ್ತದೆ. ಅಗ್ಗದ ಗೈಡುಗಳಲ್ಲಿ 'ಉತ್ಪನ್ನ ಕಳೆ ಪ್ರತಿವರ್ತಕ' ಎಂಬ ಒಂದೇ ಸೂತ್ರ ಇರುತ್ತದೆ. ಅದು ಉತ್ಪತ್ತಿ ಎಂಥಾಲ್ಪಿಯ ಲೆಕ್ಕಕ್ಕೆ. ಇಲ್ಲಿ ಹಾಕಿದರೆ ಚಿಹ್ನೆ ಉಲ್ಟಾ, ಒಲೆ ಉರಿಯುವ ಬದಲು ತಣ್ಣಗಾಗಬೇಕಾಗುತ್ತದೆ.

ಅಳೆದು ಕಂಡ ಬೆಲೆಯೂ ಸುಮಾರು −802. ಖುಷಿಪಡಬೇಡಿ. C=O ಗೆ ನಾನು 799 ಹಾಕಿದ್ದೆ, ಅದು ಇಂಗಾಲದ ಡೈಆಕ್ಸೈಡಿನಲ್ಲಿರುವ ಬಂಧಕ್ಕೇ ಮೀಸಲಾದ ಬೆಲೆ. ಟೇಬಲ್ಲಿನ ಸಾಮಾನ್ಯ ಸರಾಸರಿ 745 ಹಾಕಿ ನೋಡಿ, ಉತ್ತರ −694 ಬರುತ್ತದೆ. ನೂರಕ್ಕೂ ಜಾಸ್ತಿ ವ್ಯತ್ಯಾಸ, ಅಲ್ವಾ? ಸರಾಸರಿ ಅಂದರೆ ಬೇರೆ ಬೇರೆ ಸಂಯುಕ್ತಗಳ ಬಂಧಗಳನ್ನು ಸೇರಿಸಿ ಹಂಚಿದ ಬೆಲೆ. ಪ್ರತಿ ಬಂಧದ ಬಲ ಅದರ ನೆರೆಹೊರೆಯ ಮೇಲೆ ನಿಂತಿದೆ. ಮೀಥೇನ್‌ನಲ್ಲೇ ಹೈಡ್ರೋಜನ್‌ಗಳನ್ನು ಒಂದೊಂದಾಗಿ ಕಿತ್ತರೆ ಮೊದಲನೆಯದಕ್ಕೆ ಸುಮಾರು 439, ಕೊನೆಯದಕ್ಕೆ ಸುಮಾರು 338 ಬೇಕು. ನಾಲ್ಕನ್ನೂ ಕಿತ್ತು ಸರಾಸರಿ ಮಾಡಿದರೆ 416. ಇದು 413ಕ್ಕೆ ಹತ್ತಿರವೇ, ಹಾಗಾಗಿ C–H ಇಲ್ಲಿ ಅಷ್ಟು ತೊಂದರೆ ಕೊಡಲಿಲ್ಲ. ಕೈಕೊಟ್ಟಿದ್ದು C=O.

ಟೇಬಲ್ಲಿನ ಬೆಲೆಗಳೆಲ್ಲ ಅನಿಲ ಸ್ಥಿತಿಗೆ. ಅಣು ಅಣುಗಳ ನಡುವಿನ ಸೆಳೆತ ಅದರಲ್ಲಿ ಸೇರಿಲ್ಲ. ಪ್ರಶ್ನೆಯಲ್ಲಿ ನೀರು ದ್ರವ ಅಂತಿದ್ದರೆ ಹಬೆ ನೀರಾಗುವಾಗ ಬಿಡುವ ಶಾಖವನ್ನೂ ಸೇರಿಸಬೇಕು. ಮೋಲ್‌ಗೆ 44, ಎರಡಕ್ಕೆ 88. ಆಗ −890 ಸಿಗುತ್ತದೆ. ಉತ್ಪತ್ತಿ ಎಂಥಾಲ್ಪಿಗಳು ಕೈಯಲ್ಲಿದ್ದರೆ ನಾನಂತೂ ಬಂಧಶಕ್ತಿ ಮುಟ್ಟುವುದೇ ಇಲ್ಲ.