‘ಹೋಪ್’ ಪೋಸ್ಟರ್ ಕೇಳಿದವರಿಗೆ ಬೇರೆ ಪೋಸ್ಟರ್ ಕೊಟ್ಟ ಬಗೆ

“ಒಬಾಮಾ ಪೋಸ್ಟರ್ ಥರ ಮಾಡಿಕೊಡಿ.” ಫೋಟೋದಿಂದ ಪೋಸ್ಟರ್ ಮಾಡುವ ನಮಗೆಲ್ಲ ಈ ಬೇಡಿಕೆ ಗೊತ್ತಿದ್ದದ್ದೇ. ಆ ಶೈಲಿಯನ್ನು ಮುಟ್ಟದೆ ಅದೇ ಗಿರಾಕಿಯನ್ನು ಒಪ್ಪಿಸಬಹುದು ಅಂದಾಗ ಜೊತೆಯವರು ನಕ್ಕಿದ್ದರು. ‘ಕೇಳಿದ್ದು ಕೊಡು, ದುಡ್ಡು ಎಣಿಸು’ ಎಂಬುದು ಅವರ ಸಲಹೆ. ಈಗ ಹೆಚ್ಚುಕಡಿಮೆ ನಲವತ್ತು ಪೋಸ್ಟರ್ ಹೋಗಿವೆ, ವಾಪಸ್ ಬಂದದ್ದು ಎರಡೇ. ಅದಕ್ಕೇ ಬರೆಯುತ್ತಿದ್ದೇನೆ.

ಒಬಾಮಾ ಮುಖದ ಕೆಳಗೆ ‘ಹೋಪ್’ ಎಂಬ ಪದವಿರುವ ಆ ಪೋಸ್ಟರನ್ನು ಅಮೆರಿಕದ ಕಲಾವಿದ ಶೆಪರ್ಡ್ ಫೇರಿ ಮಾಡಿದ್ದು 2008ರಲ್ಲಿ. ಅದರ ಸುತ್ತ ಎದ್ದ ವ್ಯಾಜ್ಯ ಶೈಲಿಯದ್ದಲ್ಲ, ಫೋಟೋದ್ದು. 2006ರಲ್ಲಿ ಮ್ಯಾನಿ ಗಾರ್ಸಿಯಾ ಅಸೋಸಿಯೇಟೆಡ್ ಪ್ರೆಸ್‌ಗಾಗಿ ತೆಗೆದ ಚಿತ್ರ ಅದಕ್ಕೆ ಆಧಾರವಾಗಿತ್ತು. ಕೊನೆಗೆ 2011ರಲ್ಲಿ ರಾಜಿಯಾಯಿತು. ಶೈಲಿಗೆ ಕಾನೂನಿನ ಕಾವಲು ನಮ್ಮಲ್ಲೂ ಇಲ್ಲ. ಬರೀ ಕಲ್ಪನೆಗೆ ಕೃತಿಸ್ವಾಮ್ಯ ಇರುವುದಿಲ್ಲ, ಅದನ್ನು ರೂಪಿಸಿದ ಬಗೆಗೆ ಮಾತ್ರ ಇರುತ್ತದೆ ಎಂದು ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಹಾಗಾಗಿ ನಾನು ಇದಕ್ಕೆ ಕೈಹಾಕಿದ್ದು ಕೋರ್ಟಿನ ಭಯದಿಂದಲ್ಲ. ಬದುಕಿರುವ ಕಲಾವಿದ ಕಟ್ಟಿದ ಗುರುತನ್ನು ನೋಡಿ ಗಿರಾಕಿ ನನ್ನ ಬಳಿ ಬಂದರೆ, ನಾನು ಎಣಿಸುವ ದುಡ್ಡಿನಲ್ಲಿ ಅವನ ದುಡಿಮೆಯೂ ಸೇರಿರುತ್ತದೆ. ನನ್ನ ತಕರಾರು ಅಷ್ಟೇ.

ಆದರೆ ಅದರಲ್ಲಿ ಅವನದ್ದು ಅಂತ ಇರುವುದು ಯಾವುದು? ಮುಖವನ್ನು ನಾಲ್ಕು ಛಾಯೆಗೆ ಇಳಿಸುವುದು ಅವನದ್ದಲ್ಲ. ನಡುಛಾಯೆಗೆ ಅಡ್ಡಗೆರೆ ತುಂಬುವುದು ಮರಗೆತ್ತನೆಯ ಅಚ್ಚಿನಷ್ಟು ಹಳೆಯದು. ಕೆಂಪು ಬಣ್ಣ ಸೋವಿಯತ್ ಪ್ರಚಾರ ಪೋಸ್ಟರುಗಳಲ್ಲೇ ಇತ್ತು. ಕೆಂಪು–ಕೆನೆ–ನೀಲಿಯ ಕಟ್ಟು, ಆ ಗೆರೆ, ಚೂಪಾದ ನೆರಳಿನ ಅಂಚು, ಮೇಲೆ ದೂರಕ್ಕೆ ನೋಡುವ ಮುಖ, ಕೆಳಗೊಂದು ದಪ್ಪ ಪದ, ಈ ಐದೂ ಒಟ್ಟಿಗೆ ಬಂದಾಗ ಮಾತ್ರ ಅದು ಅವನ ಸಹಿ. ನನ್ನ ನಿಯಮ ಹುಟ್ಟಿದ್ದು ಇಲ್ಲಿಂದ: ಬದುಕಿರುವ ಒಬ್ಬ ಕಲಾವಿದನ ಜೊತೆ ಈ ಐದರಲ್ಲಿ ಎರಡಕ್ಕಿಂತ ಹೆಚ್ಚು ಹೊಂದಬಾರದು. ಹೊಂದುವ ಆ ಎರಡರಲ್ಲಿ ಬಣ್ಣ ಇರಲೇಬಾರದು, ಏಕೆಂದರೆ ಕಣ್ಣು ಮೊದಲು ಹಿಡಿಯುವುದು ಬಣ್ಣವನ್ನೇ.

ಬಣ್ಣ ಬದಲಿಸಿದರೆ ಸಾಕು ಎಂಬುದು ಮೊದಲ ತಪ್ಪು. ಹಸಿರು–ಹಳದಿ ಮಾಡಿದೆ. ನೋಡಿದವರೆಲ್ಲ “ಓ, ಹಸಿರು ಒಬಾಮಾ” ಅಂದರು. ಉಳಿದ ನಾಲ್ಕೂ ಹಾಗೇ ಕೂತಿದ್ದವು. ಆಮೇಲೆ ಆರು ಕಡೆಯಿಂದ ಒಂದೊಂದು ಚೂರು ತಂದು ಸೇರಿಸಿದೆ, ಯಾರ ನೆನಪೂ ಬರಲಿಲ್ಲ ನಿಜ, ಆದರೆ ಆ ಚಿತ್ರಾನ್ನವನ್ನು ಕೊಳ್ಳಲೂ ಯಾರೂ ಬರಲಿಲ್ಲ. ನಾಲ್ಕು ಸ್ಕ್ರೀನ್, ಶಾಯಿ, ಹಾಳೆ ಸೇರಿ ಎರಡೂವರೆ ಸಾವಿರದ ಆಸುಪಾಸು ಹೋಯಿತು. ಈಗ ಮೂರು ಮೂಲಕ್ಕೆ ನಿಲ್ಲಿಸುತ್ತೇನೆ.

ಗೆದ್ದ ಕೆಲಸವೊಂದನ್ನು ಬಿಡಿಸಿ ಹೇಳುತ್ತೇನೆ. ನಿವೃತ್ತರಾಗುತ್ತಿದ್ದ ಶಾಲಾ ಮೇಡಂ ಒಬ್ಬರ ಎ3 ಪೋಸ್ಟರ್ ಅದು. ಫೋಟೋ ಸ್ಟುಡಿಯೋದ್ದು. ಹಾಗಾಗಿ ಮೊದಲ ಖರ್ಚು ಫೋಟೋಗ್ರಾಫರ್‌ಗೆ ಐನೂರು ರೂಪಾಯಿ ಮತ್ತು ‘ಪೋಸ್ಟರ್ ಮಾಡಬಹುದು’ ಎಂಬ ಒಂದು ಸಾಲಿನ ಒಪ್ಪಿಗೆ. ಶೈಲಿಯ ನ್ಯಾಯ ಮಾತಾಡಿಕೊಂಡು ಫೋಟೋ ತೆಗೆದವನನ್ನೇ ಮರೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಪೋಸ್ಟರೈಸ್ ಮಾಡಿದ ಕೂಡಲೇ, ಅಂದರೆ ಫೋಟೋವನ್ನು ನಾಲ್ಕು ಛಾಯೆಗೆ ಇಳಿಸಿದ ಕೂಡಲೇ, ತೊಂದರೆ ಶುರು. ಸಾಫ್ಟ್‌ವೇರ್ ಕಪ್ಪಿನಿಂದ ಬಿಳಿವರೆಗೆ ಸಮನಾಗಿ ಭಾಗ ಮಾಡುತ್ತದೆ. ನಮ್ಮ ಎಣ್ಣೆಗೆಂಪು ಮೈಬಣ್ಣದ ಮುಖ ಇಡಿಯಾಗಿ ಕೆಳಗಿನ ಎರಡು ಛಾಯೆಯಲ್ಲಿ ಮುಳುಗಿ, ಮೂಗೂ ಕೆನ್ನೆಯೂ ಒಂದೇ ಆಗುತ್ತವೆ. ಮುಖವನ್ನಷ್ಟೇ ಕತ್ತರಿಸಿ, ಛಾಯೆಗಳನ್ನು ಮೊದಲು ಹರಡಿ, ಆಮೇಲೆ ಭಾಗ ಮಾಡಬೇಕು. ImageMagick ತಂತ್ರಾಂಶದಲ್ಲಿ ಹೀಗೆ:

```
magick mukha.png -colorspace Gray -statistic Median 9x9 -equalize -posterize 4 nalku.png
```

ಹಿನ್ನೆಲೆ ಅಥವಾ ಬಿಳಿ ಸೀರೆಯನ್ನು ಜೊತೆಗೆ ಬಿಟ್ಟರೆ ಮೇಲಿನ ಛಾಯೆಗಳನ್ನೆಲ್ಲ ಅವೇ ನುಂಗಿ, ಮುಖ ಮತ್ತೆ ಕಪ್ಪಾಗುತ್ತದೆ. ನುಣುಪು ಮಾಡುವ Median ಅಳತೆ 9x9 ದಾಟಿದರೆ ಕಣ್ಣಿನ ಹೊಳಪಿನ ಚುಕ್ಕಿ ಮಾಯವಾಗುತ್ತದೆ. ಆ ಚುಕ್ಕಿಯನ್ನು ನಾನು ಬೇರೆ ಲೇಯರ್‌ನಲ್ಲಿ ಕೈಯಿಂದಲೇ ಇಡುತ್ತೇನೆ. ಎಲ್ಲಿ, ಎಷ್ಟು ಎಂಬುದು ನನ್ನ ಅನ್ನದ ವಿಷಯ, ಬಿಡಿ.

ನಾಲ್ಕು ಛಾಯೆ ಹೇಗೂ ಎಲ್ಲರ ಸೊತ್ತು. ಚೂಪು ಅಂಚು ಮತ್ತು ಕೆಳಗಿನ ಪದ, ಇವೆರಡು ‘ಹೋಪ್’ ಜೊತೆ ಹೊಂದುತ್ತವೆ. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಉಳಿದ ಮೂರನ್ನು ಬೇರೆಡೆಯಿಂದ ತರಬೇಕು. ಮುಖ ನೇರ ನೋಟದ್ದು, ಪಾಠ ಮಾಡುವವರು ಆಕಾಶ ನೋಡುವುದಿಲ್ಲವಲ್ಲ. ನಡುಛಾಯೆಗೆ ಅಡ್ಡಗೆರೆಯ ಬದಲು ಕಸೂತಿಯ ಮೆಂಥಿ ಹೊಲಿಗೆಯ ಗುಣಾಕಾರ ಚಿಹ್ನೆಗಳ ಜಾಲ. 300 ಡಿಪಿಐ ಕಡತದಲ್ಲಿ ಒಂದೊಂದು ಚಿಹ್ನೆ 24 ಪಿಕ್ಸೆಲ್, ಅಂದರೆ ಅಚ್ಚಿನಲ್ಲಿ ಸುಮಾರು ಎರಡು ಮಿಲಿಮೀಟರ್. ಒಂದಕ್ಕೆ ಇಳಿಸಿದಾಗ ಶಾಯಿ ತುಂಬಿ ಜಾಲವೇ ಕಲೆಯಾಯಿತು. ಬಣ್ಣ ಮಾತ್ರ ಅವರದೇ ಹಳೆಯ ಸೀರೆಯಿಂದ: ದಾಳಿಂಬೆ, ಕಡುನೇರಳೆ, ಅರಿಸಿನ, ಕೆನೆ.

ಕಸೂತಿ ಯಾರೊಬ್ಬರದ್ದೂ ಅಲ್ಲ, ಹಾಗಂತ ವಾರಸುದಾರರಿಲ್ಲದ್ದೂ ಅಲ್ಲ. ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿ ಇದೆ, ಧಾರವಾಡದ ಕಡೆ ಇಂದಿಗೂ ಅದನ್ನು ಹೊಲಿದು ಬದುಕುವ ಹೆಂಗಸರಿದ್ದಾರೆ. ಪೋಸ್ಟರನ್ನು ‘ಕಸೂತಿ’ ಎಂದು ಕರೆದು ಮಾರುವುದಿಲ್ಲ. ಹಿಂಬದಿಯಲ್ಲಿ ‘ಜಾಲಕ್ಕೆ ಪ್ರೇರಣೆ ಕಸೂತಿಯ ಮೆಂಥಿ ಹೊಲಿಗೆ’ ಎಂದಷ್ಟೇ ಹಾಕುತ್ತೇನೆ. ಫೇರಿಯ ಹೆಸರನ್ನು ಬಿಲ್ಲಿನಲ್ಲೂ ಜಾಹೀರಾತಿನಲ್ಲೂ ಹ್ಯಾಶ್‌ಟ್ಯಾಗಿನಲ್ಲೂ ಬಳಸುವುದಿಲ್ಲ. ‘ಇಂಥವರ ಶೈಲಿಯಲ್ಲಿ’ ಎಂಬ ಮಾತು ಕೃತಜ್ಞತೆಯಂತೆ ಕೇಳುತ್ತದೆ, ಅದು ಮಾಡುವ ಕೆಲಸ ಮಾತ್ರ ಅಂಗಡಿ ಬೋರ್ಡಿನದ್ದು.

ಮುಗಿದ ಮೇಲೆ ಒಂದು ಪರೀಕ್ಷೆ. ಮುಖವನ್ನು ಮಸುಕು ಮಾಡಿ, ಆರಡಿ ದೂರದಿಂದ ಐದು ಜನಕ್ಕೆ ತೋರಿಸಿ “ಏನು ನೆನಪಾಗುತ್ತೆ?” ಎಂದು ಕೇಳುತ್ತೇನೆ. ಇಬ್ಬರು ಒಂದೇ ಕಲಾವಿದನ ಹೆಸರೋ ಕೃತಿಯೋ ಹೇಳಿದರೆ ಮತ್ತೆ ಮೊದಲಿನಿಂದ. “ಯಾರ ಥರ ಇದೆ?” ಎಂದು ಕೇಳಬಾರದು, ಹಾಗೆ ಕೇಳಿದರೆ ಜನ ಹೇಗಾದರೂ ಒಂದು ಹೆಸರು ಹುಡುಕಿಕೊಡುತ್ತಾರೆ. ಈ ಪೋಸ್ಟರ್‌ಗೆ ಒಬ್ಬರು ‘ಹೋಪ್’ ಅಂದರು, ಇಬ್ಬರು ರಗ್ಗು ಅಂದರು, ಉಳಿದವರಿಗೆ ಏನೂ ಹೊಳೆಯಲಿಲ್ಲ. ಪಾಸು.

ತೀರಿಕೊಂಡವರಿಂದ ತೆಗೆದುಕೊಳ್ಳುವಾಗಲೂ ನಾನೊಮ್ಮೆ ಎಡವಿದೆ. ಜಾಮಿನಿ ರಾಯ್ ಹೋಗಿ ಎಷ್ಟೋ ಕಾಲವಾಯಿತು ಎಂದು ಅವರ ಚಿತ್ರದ ಸ್ಕ್ಯಾನಿನಿಂದ ಒಂದು ಕುಂಚದ ಗೆರೆಯನ್ನು ನೇರ ಎತ್ತಿ ಬ್ರಷ್ ಮಾಡಿಕೊಂಡಿದ್ದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದ ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸಬೇಕು. ರಾಯ್ ತೀರಿಕೊಂಡದ್ದು 1972ರಲ್ಲಿ, ಅಂದರೆ 2032ರ ಕೊನೆವರೆಗೆ ಕೃತಿಗಳು ಮುಕ್ತವಲ್ಲ. ಕೆ. ಕೆ. ಹೆಬ್ಬಾರರು 1996, ಹಾಗಾಗಿ 2056. ಅವರ ರೇಖೆಯನ್ನು ನೋಡಿ ಕಲಿಯುವುದು ಬೇರೆ, ಕೃತಿಯಿಂದಲೇ ಚೂರು ಕತ್ತರಿಸಿ ಅಂಟಿಸುವುದು ಬೇರೆ. ಬ್ರಷ್ ಅಳಿಸಿದೆ, ಅದನ್ನು ಬಳಸಿದ್ದ ಮೂರು ಕೆಲಸಗಳನ್ನು ಕೈಯಿಂದ ಮತ್ತೆ ಬಿಡಿಸಿಕೊಟ್ಟೆ.

ಕೆ. ವೆಂಕಟಪ್ಪ ತೀರಿಕೊಂಡದ್ದು 1965ರಲ್ಲಿ, ಅವರ ಅವಧಿ 2025ರ ಡಿಸೆಂಬರಿಗೆ ಮುಗಿಯಿತು. ಅವರ ಊಟಿಯ ಜಲವರ್ಣಗಳಲ್ಲಿ ಬೆಟ್ಟ ಮಂಜಿಗೆ ಕರಗುವ ಅಂಚನ್ನು ನೆರಳಿನ ಅಂಚಾಗಿ ತಂದುಕೊಳ್ಳುವ ಪ್ರಯತ್ನ ಈಗ ನಡೆದಿದೆ. ಅದು ಬಂದರೆ ‘ಹೋಪ್’ ಜೊತೆ ಹೊಂದುವುದು ಪದವೊಂದೇ. ಸ್ಕ್ರೀನ್ ಪ್ರಿಂಟ್‌ನಲ್ಲಿ ಅದು ಇನ್ನೂ ಕೂತಿಲ್ಲ, ಚುಕ್ಕಿಯಾಗಿ ಒಡೆಯುತ್ತದೆ. ಇಂಕ್‌ಜೆಟ್‌ನಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಒಂದು ಪ್ರತಿಗೆ ಇನ್ನೂರು ರೂಪಾಯಿ ಹೆಚ್ಚು.

ಮೇಡಂ ಪೋಸ್ಟರ್‌ಗೆ ಸಿಕ್ಕಿದ್ದು 2,800. ಅದೇ ಬೀದಿಯಲ್ಲಿ ಕೆಂಪು–ನೀಲಿ ‘ಒಬಾಮಾ’ 900ಕ್ಕೆ ಸಿಗುತ್ತದೆ, ಅದನ್ನೇ ಬೇಕು ಅನ್ನುವವರನ್ನು ನಾನೇ ಅಲ್ಲಿಗೆ ಕಳಿಸುತ್ತೇನೆ.